ಬಿಸಿಲಲ್ಲಿ ಕೆಲಸ ಮಾಡುವವರು ಟ್ಯಾಬ್‌ಗೆ ಮ್ಯಾಟ್ ಫಿಲಂ ಅಂಟಿಸುವ ಮುಂಚೆ ಇದನ್ನು ಓದಿ

ಸೈಟ್‌ನಲ್ಲಿ ಟ್ಯಾಬ್ ಹಿಡಿದು ಡ್ರಾಯಿಂಗ್ ನೋಡುವವರು ನೀವಾಗಿದ್ದರೆ, "ಆಂಟಿ ಗ್ಲೇರ್" ಎಂದು ಕೊಡುವ ಮ್ಯಾಟ್ ಫಿಲಂ ಬಗ್ಗೆ ಹುಷಾರಾಗಿರಿ. ನಾನು ಸರ್ಜಾಪುರ ರಸ್ತೆ ಕಡೆ ಒಂದು ಕಟ್ಟಡದ ಸೈಟ್ ಎಂಜಿನಿಯರ್. ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ ಹೊಳಪು ಕಡಿಮೆ ಮಾಡುವ ಫಿಲಂ ಕೇಳಿದೆ. "ಇದು ಹಾಕಿ ಸಾರ್, ಬಿಸಿಲಲ್ಲಿ ಸೂಪರಾಗಿ ಕಾಣುತ್ತೆ" ಎಂದು ಅಂಟಿಸಿ ಕಳಿಸಿದರು. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನಿಜವಾಗಿಯೂ ಸೂಪರಾಗಿಯೇ ಇತ್ತು. ಮುಖ ಕಾಣಲ್ಲ, ಬೆರಳಚ್ಚು ಕಾಣಲ್ಲ.

ಸ್ಲ್ಯಾಬ್ ಹಾಕುವ ಹಿಂದಿನ ದಿನ ಮಧ್ಯಾಹ್ನ ಮೇಸ್ತ್ರಿ ಜೊತೆ ಮೇಲೆ ನಿಂತು ಪೈಪ್ ದಾಟಲು ಸ್ಲ್ಯಾಬಿನಲ್ಲಿ ಬಿಡುವ ಸ್ಲೀವ್‌ಗಳನ್ನು ಗುರುತು ಮಾಡುತ್ತಿದ್ದೆವು. ಡ್ರಾಯಿಂಗ್‌ನಲ್ಲಿ ಒಂದು ಬಾತ್‌ರೂಮಿನ ಡ್ರೈನ್ ಲೈನ್ ತಿಳಿ ನೀಲಿ ಚುಕ್ಕೆ ಗೆರೆಯಲ್ಲಿತ್ತು. ಸ್ಕ್ರೀನ್ ತುಂಬ ಹಾಲು ಬಳಿದ ಹಾಗೆ ಬೆಳ್ಳಗಾಗಿತ್ತು. ಕಪ್ಪು ಗೆರೆಗಳು ಬೂದಿ ಬಣ್ಣಕ್ಕೆ ಇಳಿದಿದ್ದವು, ತಿಳಿ ನೀಲಿ ಇರುವುದೇ ಗೊತ್ತಾಗಲಿಲ್ಲ. ಮೇಸ್ತ್ರಿಯೂ ಬಗ್ಗಿ ನೋಡಿ "ಇಲ್ಲೇನೂ ಇಲ್ಲ ಸಾರ್" ಎಂದರು. ಒಂದು ಸ್ಲೀವ್ ಬಿಟ್ಟುಹೋಯಿತು. ಕಾಂಕ್ರೀಟ್ ಗಟ್ಟಿಯಾದ ಮೇಲೆ ಕೋರ್ ಕಟಿಂಗ್‌ನವರನ್ನು ಕರೆಸಿ ತೂತು ಕೊರೆಸಬೇಕಾಯಿತು. ಕಂಬಿಗೆ ಪೆಟ್ಟಾಗದ ಜಾಗ ಹುಡುಕುವುದೇ ದೊಡ್ಡ ತಲೆನೋವು.

ಇದು ಯಾಕೆ ಹೀಗೆ ಅಂದರೆ, ಮ್ಯಾಟ್ ಫಿಲಂ ವಾಪಸ್ ಬರುವ ಬೆಳಕನ್ನು ಕಡಿಮೆ ಮಾಡುವುದೇ ಇಲ್ಲ. ಮಾಮೂಲಿ ಗಾಜು ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಲ್ಲಿ ಸುಮಾರು ಶೇ. 4 ವಾಪಸ್ ಕಳಿಸುತ್ತದೆ. ಮ್ಯಾಟ್ ಫಿಲಂ ಕೂಡ ಹೆಚ್ಚುಕಡಿಮೆ ಅಷ್ಟೇ ಕಳಿಸುತ್ತದೆ, ಆದರೆ ಒರಟು ಮೈ ಇರುವುದರಿಂದ ಸುತ್ತಲೂ ಚದುರಿಸುತ್ತದೆ. ಒಳಗೆ ಇದ್ದಾಗ ಒಂದೇ ಒಂದು ದೀಪ ಚದುರಿ ಮಾಯವಾಗುತ್ತದೆ, ಸರಿ. ಹೊರಗೆ ಸೂರ್ಯನೇ ಚದುರಿ ಪೂರ್ತಿ ಸ್ಕ್ರೀನಿಗೆ ಹರಡಿಕೊಳ್ಳುತ್ತಾನೆ. ಬರಿ ಗಾಜಾದರೆ ಟ್ಯಾಬನ್ನು ಸ್ವಲ್ಪ ಓರೆ ಮಾಡಿ, ಆಕಾಶದ ಬದಲು ನಮ್ಮ ಕಪ್ಪು ಶರ್ಟಿನ ಬಿಂಬ ಬೀಳುವಂತೆ ಹಿಡಿದರೆ ಓದಬಹುದು. ಮ್ಯಾಟ್‌ನಲ್ಲಿ ಆ ಉಪಾಯ ಸರಿಯಾಗಿ ನಡೆಯುವುದಿಲ್ಲ. ಎತ್ತ ತಿರುಗಿಸಿದರೂ ಮಂಜು ಹಿಂದೆಯೇ ಬರುತ್ತದೆ. ಜೊತೆಗೆ ಸ್ಕ್ರೀನಿನ ಸಣ್ಣ ಚುಕ್ಕೆಗಳ ಮೇಲೆ ಒರಟು ಮೈ ಕೂತು, ಬಿಳಿ ಜಾಗದಲ್ಲಿ ಸಕ್ಕರೆ ಚೆಲ್ಲಿದಂತೆ ಮಿಣುಕುತ್ತದೆ. ತೆಳು ಗೆರೆಗಳು ಅದರಲ್ಲೇ ಕಳೆದುಹೋಗುತ್ತವೆ.

ನಿಜವಾಗಿ ಆ ಬೆಳಕು ಕಡಿಮೆ ಮಾಡುವುದು ಎ.ಆರ್., ಅಂದರೆ ಆಂಟಿ ರಿಫ್ಲೆಕ್ಟಿವ್ ಕೋಟಿಂಗ್. ಕೂದಲಿಗಿಂತ ನೂರಾರು ಪಟ್ಟು ತೆಳುವಾದ ಪದರಗಳಿಂದ ವಾಪಸ್ ಬರುವ ಬೆಳಕಿನ ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಒಳ್ಳೆಯದಾದರೆ ಶೇ. 1ಕ್ಕಿಂತ ಕಡಿಮೆ ಬೆಳಕು ವಾಪಸ್ ಬರುತ್ತದೆ. ಲೆಕ್ಕ ಹಾಕಿ ನೋಡಿ. ಹೊಳಪಿನ ಅಳತೆ ನಿಟ್ಸ್. ಟ್ಯಾಬಿನ ಬಿಳಿ 400 ನಿಟ್ಸ್, ಮೇಲಿನ ಬೆಳಗುವ ಮೋಡ 5,000 ನಿಟ್ಸ್ ಎಂದುಕೊಳ್ಳಿ. ಬರಿ ಗಾಜಿನಲ್ಲಿ ಮೋಡದ ಬಿಂಬವೇ 200 ಆಯಿತು. ಕಪ್ಪು 200, ಬಿಳಿ 600, ಅಂದರೆ ಬರೀ ಮೂರು ಪಟ್ಟು ವ್ಯತ್ಯಾಸ. ಶೇ. 1ಕ್ಕೆ ಇಳಿದರೆ ಕಪ್ಪು 50, ಬಿಳಿ 450, ಒಂಬತ್ತು ಪಟ್ಟು. ಬಣ್ಣಗಳೂ ತೊಳೆದು ಹೋಗುವುದಿಲ್ಲ.

ಅಂಗಡಿಯಲ್ಲೇ ಗುರುತು ಹಿಡಿಯುವುದು ಸುಲಭ. ಸ್ಕ್ರೀನ್ ಆಫ್ ಮಾಡಿ ಟ್ಯೂಬ್‌ಲೈಟ್ ಬಿಂಬ ನೋಡಿ. ಅಂಚು ಮಸುಕಾಗಿ ಬಿಳಿ ಮಂಜಿನಂತಿದ್ದರೆ ಅದು ಮ್ಯಾಟ್. ಅಂಚು ಚೂಪಾಗಿದ್ದು, ದೀಪ ಮಾತ್ರ ಮಂದವಾಗಿ ನೇರಳೆಯೋ ಹಸಿರೋ ಬಣ್ಣಕ್ಕೆ ತಿರುಗಿದ್ದರೆ ಅದು ಎ.ಆರ್. ಕೋಟಿಂಗ್. ಫಿಲಂ ಸುಮ್ನೆ ಮೇಲಿಟ್ಟು ನೋಡಬೇಡಿ. ನಡುವೆ ಗಾಳಿ ಇದ್ದರೆ ಬೇರೆಯೇ ಹೊಳಪು ಸೇರಿಕೊಳ್ಳುತ್ತದೆ. ಅಂಟಿಸಿದ ಡೆಮೊ ಪೀಸ್ ಕೇಳಿ, ಅದನ್ನು ಬಾಗಿಲಾಚೆ ಬಿಸಿಲಿಗೆ ತಂದು ನೋಡಿ. ಕೊಡಲ್ಲ ಎಂದರೆ ಮುಂದಿನ ಅಂಗಡಿ.

ಎ.ಆರ್.ನಲ್ಲೂ ತೊಂದರೆ ಇದೆ. ಬೆರಳಿನ ಎಣ್ಣೆ ಕೂತಲ್ಲಿ ಕೋಟಿಂಗ್ ಕೆಲಸ ಮಾಡುವುದಿಲ್ಲ, ಕಲೆ ಎದ್ದು ಕಾಣುತ್ತದೆ. ಸಿಮೆಂಟ್ ಧೂಳಿದ್ದಾಗ ಅಂಗಿ ತುದಿಯಲ್ಲಿ ಒರೆಸಿದರೆ ಗೀರು ಗ್ಯಾರಂಟಿ. ಮೊದಲು ಧೂಳು ಊದಿ, ಆಮೇಲೆ ಮೆತ್ತನೆಯ ಮೈಕ್ರೋಫೈಬರ್ ಬಟ್ಟೆ. ಬೆವರಿದ ಬೆರಳು ಜಾರುವ ವಿಷಯದಲ್ಲಿ ಮಾತ್ರ ಮ್ಯಾಟ್ ಮೇಲು. ನಯವಾದ ಗಾಜಿನ ಮೇಲೆ ಬೆರಳು ಹಿಡಿದು ನಿಲ್ಲುತ್ತದೆ, ಮ್ಯಾಟ್ ಮೇಲೆ ಸಲೀಸಾಗಿ ಓಡುತ್ತದೆ. ಆಫೀಸಿನಲ್ಲಿ ಪೆನ್ ಹಿಡಿದು ಸ್ಕೆಚ್ ಮಾಡುವವರಿಗೂ ಚೆನ್ನಾಗಿದೆ, ಆದರೆ ಪೆನ್ನಿನ ತುದಿ ಬೇಗ ಸವೆಯುತ್ತದೆ.

ಈಗ ಕೆಲವು ದುಬಾರಿ ಫೋನು, ಟ್ಯಾಬುಗಳಲ್ಲಿ ಕಂಪನಿಯಿಂದಲೇ ಎ.ಆರ್. ಗಾಜು ಬರುತ್ತದೆ. ಅದರ ಮೇಲೆ ಇನ್ನೂರು ರೂಪಾಯಿಯ ಮಾಮೂಲಿ ಗಾರ್ಡ್ ಅಂಟಿಸಿದರೆ, ಹೊರಗಿನ ಮೈ ಗಾರ್ಡಿನದೇ ಆಗುತ್ತದೆ, ಶೇ. 4ರ ಹೊಳಪು ವಾಪಸ್ ಬರುತ್ತದೆ. ದುಡ್ಡು ಕೊಟ್ಟು ತಂದ ಕೋಟಿಂಗ್ ಒಳಗೆ ಸುಮ್ನೆ ಕೂತಿರುತ್ತದೆ.