ಆರು ವರ್ಷ ಬಳಸಿದ ಚಾರ್ಪಿ ಯಂತ್ರ: ಮುಖಸ್ತುತಿಯೇ ಇದರ ದೋಷ

ಹಾಸನದ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಚಿಕ್ಕ ಪರೀಕ್ಷಾಲಯವಿದೆ. ಸುತ್ತಲಿನ ಫೋರ್ಜಿಂಗ್ ಶೆಡ್ಡುಗಳಿಂದ ಉಕ್ಕಿನ ತುಂಡುಗಳು ಬರುತ್ತವೆ, ನಾವು ಎಳೆದು, ಒಡೆದು, ವರದಿ ಕೊಡುತ್ತೇವೆ. ಆರು ವರ್ಷದ ಹಿಂದೆ ಬ್ಯಾಂಕ್ ಸಾಲ ಮಾಡಿ 300 ಜೂಲ್‌ನ ಲೋಲಕದ ಚಾರ್ಪಿ ಯಂತ್ರ ತಂದೆ. ಕಚ್ಚು ಹಾಕಿದ ಉಕ್ಕಿನ ತುಂಡನ್ನು ಬೀಸುವ ಹ್ಯಾಮರಿನಿಂದ ಒಡೆದು, ಒಡೆಯಲು ಎಷ್ಟು ಶಕ್ತಿ ಹಿಡಿಯಿತು ಎಂದು ಮುಳ್ಳಿನಲ್ಲಿ ತೋರಿಸುವ ಯಂತ್ರ ಇದು. ಅದರ ತೂಕ, ಎತ್ತರ, ಪರದೆಯ ಅಳತೆ ಎಲ್ಲವೂ ತಯಾರಕರ ಕೈಪಿಡಿಯಲ್ಲಿವೆ, ಅದನ್ನು ನಾನು ಮತ್ತೆ ಬರೆಯುವುದಿಲ್ಲ. ಸಾಲ ತೀರಿದ ಮೇಲಷ್ಟೇ ನಿಷ್ಪಕ್ಷಪಾತವಾಗಿ ಬರೆಯಲು ಸಾಧ್ಯ ಎಂದು ಇಷ್ಟು ದಿನ ಕಾದಿದ್ದೆ.

ಮೊದಲು ಸಂತೋಷದ ಮಾತು. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆದ ಕೂಡಲೇ ನಾನು ಮಾಡುವ ಕೆಲಸ, ಆನ್ವಿಲ್ ಮೇಲೆ ಏನನ್ನೂ ಇಡದೆ ಹ್ಯಾಮರನ್ನು ಒಮ್ಮೆ ಖಾಲಿ ಬೀಸಲು ಬಿಡುವುದು. ಅದು ಸೆಕೆಂಡಿಗೆ ಸುಮಾರು ಐದು ಮೀಟರ್ ವೇಗದಲ್ಲಿ ತಳವನ್ನು ದಾಟಿ ಆಚೆ ಬದಿಗೆ ಏರುತ್ತದೆ, ಮುಳ್ಳು ಸೊನ್ನೆಯ ಬಳಿ ನಿಲ್ಲಬೇಕು. ಅದೇ ಹೊತ್ತಿಗೆ ಕಾಫಿಯ ಲೋಟವನ್ನು ಯಂತ್ರದ ಕಾಂಕ್ರೀಟ್ ಪೀಠದ ಮೇಲೆ ಇಟ್ಟಿರುತ್ತೇನೆ. ಆಮೇಲೆ ತುಂಡು ಒಡೆಯುವಾಗ ಕಾಫಿಯಲ್ಲಿ ಅಲೆ ಎದ್ದರೆ ಬುಡದ ಬೋಲ್ಟು ಸಡಿಲವಾಗಿದೆ ಎಂದು ಅರ್ಥ. ಮೊದಲ ಮಳೆಗಾಲದಲ್ಲಿ ಹೀಗೆಯೇ ಒಂದು ಬೋಲ್ಟು ಸಿಕ್ಕಿಬಿತ್ತು. ಇದು ಯಾವ ಮಾನಕದಲ್ಲೂ ಇಲ್ಲದ ಪರೀಕ್ಷೆ, ಆದರೆ ನನ್ನ ಕಾಫಿ ಇದುವರೆಗೆ ಸುಳ್ಳು ಹೇಳಿಲ್ಲ.

ಒಡೆಯುವ ಮೊದಲು ತುಂಡನ್ನು ತಂಪು ಮಾಡುವುದು ಇನ್ನೊಂದು ವ್ರತ. ಡ್ರೈ ಐಸ್ ಹಾಸನದಲ್ಲಿ ನಮಗೆ ಸಿಗುವುದಿಲ್ಲ, ಬೆಂಗಳೂರಿನಿಂದ ಬೆಳಗಿನ ಬಸ್ಸಿನಲ್ಲಿ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಬರುತ್ತದೆ. ಬರುವಷ್ಟರಲ್ಲಿ ಒಂದು ಪಾಲು ಆವಿಯಾಗಿರುತ್ತದೆ, ಹಣ ಮಾತ್ರ ಪೂರ್ತಿ ಕೊಡಬೇಕು. ಅದನ್ನು ಮೆಥನಾಲ್ ತೊಟ್ಟಿಗೆ ಚೂರುಚೂರಾಗಿ ಹಾಕುತ್ತ ಥರ್ಮಾಮೀಟರ್ ನೋಡುತ್ತಿದ್ದರೆ ಮೈನಸ್ 46 ಡಿಗ್ರಿಗೆ ಇಳಿಸಿ ಅಲ್ಲೇ ನಿಲ್ಲಿಸಬಹುದು, ಒಂದು ಡಿಗ್ರಿಗಿಂತ ಆಚೀಚೆ ಹೋಗಬಾರದು. ತುಂಡುಗಳು ಆ ತಾಪಮಾನದಲ್ಲಿ ಕನಿಷ್ಠ ಐದು ನಿಮಿಷ ಮುಳುಗಿರಬೇಕು. ಇಕ್ಕಳವನ್ನೂ ಅದೇ ತೊಟ್ಟಿಯಲ್ಲಿ ಅದ್ದಿಟ್ಟಿರುತ್ತೇವೆ, ಇಲ್ಲದಿದ್ದರೆ ಬಿಸಿ ಇಕ್ಕಳವೇ ತುಂಡಿಗೆ ಶಾಖ ಕೊಡುತ್ತದೆ. ತೊಟ್ಟಿಯಿಂದ ಎತ್ತಿದ ಐದು ಸೆಕೆಂಡಿನೊಳಗೆ ಹ್ಯಾಮರ್ ಹೊಡೆದಿರಬೇಕು. ನಮ್ಮ ಹುಡುಗ ಎತ್ತುತ್ತಾನೆ, ನಾನು ಗಟ್ಟಿಯಾಗಿ ಎಣಿಸುತ್ತೇನೆ. ಆಷಾಢದ ಒದ್ದೆ ಗಾಳಿಯಲ್ಲಿ ಅಷ್ಟು ಹೊತ್ತಿಗೇ ತುಂಡಿನ ಮೇಲೆ ಬಿಳಿ ಹಿಮದ ಪುಡಿ ಕೂತಿರುತ್ತದೆ.

ಆಮೇಲೆ ಶಬ್ದ. ಗಟ್ಟಿಮುಟ್ಟಾದ ಉಕ್ಕು 'ಧಬ್' ಎಂದು ಬಾಗಿ, ಕೆಲವೊಮ್ಮೆ ಎರಡೂ ಅರ್ಧಗಳು ಅಂಟಿಕೊಂಡೇ ಬೀಳುತ್ತವೆ. ಪೆಡಸು ಉಕ್ಕು 'ಟಣ್' ಎಂದು ಎರಡಾಗಿ ಹಾರುತ್ತದೆ. ಮುಳ್ಳು ನೋಡುವ ಮೊದಲೇ ನನಗೆ ಫಲಿತಾಂಶ ಗೊತ್ತಾಗಿರುತ್ತದೆ. ಒಡೆದ ಮುಖ ನೋಡುವುದಂತೂ ಈ ಕೆಲಸದಲ್ಲಿ ನನಗೆ ಅತಿ ಪ್ರಿಯವಾದದ್ದು. ಬಾಗಿ ಹರಿದ ಭಾಗ ಮಂಕಾಗಿ, ನಾರುನಾರಾಗಿ, ಅಂಚಿನಲ್ಲಿ ತುಟಿಯಂತೆ ಎದ್ದಿರುತ್ತದೆ. ಪೆಡಸಾಗಿ ಸೀಳಿದ ಭಾಗ ಕಲ್ಲುಸಕ್ಕರೆ ಮುರಿದಂತೆ ಮಿನುಗುತ್ತದೆ. ಹೊಸಬರು ಮಾಡುವ ತಪ್ಪೊಂದಿದೆ: ಎರಡು ಅರ್ಧಗಳನ್ನು ಕೂಡಿಸಿ ನೋಡುವುದು. ಹಾಗೆ ಮಾಡಿದರೆ ಮುಖ ಉಜ್ಜಿ ಕೆಡುತ್ತದೆ, ಓದಲು ಏನೂ ಉಳಿಯುವುದಿಲ್ಲ.

ಇಲ್ಲಿಯವರೆಗೆ ಬರೆದದ್ದನ್ನು ಮೂರು ವರ್ಷದ ಹಿಂದೆಯೇ ಬರೆದಿದ್ದರೆ ಕಣ್ಣು ಮುಚ್ಚಿ ಐದು ನಕ್ಷತ್ರ ಕೊಡುತ್ತಿದ್ದೆ.

ಯಂತ್ರದ ಜೊತೆಗೆ ಕಚ್ಚು ಹಾಕಲು ಒಂದು ಕೈ ಬ್ರೋಚ್ ಕೊಟ್ಟಿದ್ದರು. ಚಾರ್ಪಿ ತುಂಡು 10 ಮಿಲಿಮೀಟರ್ ಚೌಕದ, 55 ಮಿಲಿಮೀಟರ್ ಉದ್ದದ ಸರಳು. ಅದರ ನಡುವೆ 2 ಮಿಲಿಮೀಟರ್ ಆಳದ, 45 ಡಿಗ್ರಿ ಕೋನದ ಕಚ್ಚು ಇರುತ್ತದೆ. ಕಚ್ಚಿನ ತಳ ಸೂಜಿಮೊನೆಯಲ್ಲ, 0.25 ಮಿಲಿಮೀಟರ್ ತ್ರಿಜ್ಯದ ಪುಟ್ಟ ಗುಂಡಗೆ. ಆ ತ್ರಿಜ್ಯ 0.025 ಮಿಲಿಮೀಟರ್‌ಗಿಂತ ಹೆಚ್ಚು ಆಚೀಚೆಯಾಗುವಂತಿಲ್ಲ. ಕಣ್ಣಿಗೆ, ಉಗುರಿಗೆ ಅದು ತಿಳಿಯುವುದೇ ಇಲ್ಲ. ದೊಡ್ಡದಾಗಿ ತೋರಿಸುವ ಪ್ರೊಫೈಲ್ ಪ್ರೊಜೆಕ್ಟರ್ ಬೇಕು. ಅದು ಬೇರೆ ಬೆಲೆಗೆ ಸಿಗುತ್ತಿತ್ತು, ನಾನು ಕೊಳ್ಳಲಿಲ್ಲ. 'ಆಮೇಲೆ ನೋಡೋಣ' ಎಂದೆ. ಮಾರಲು ಬಂದವರೂ ಒತ್ತಾಯ ಮಾಡಲಿಲ್ಲ.

ಮೂರನೆಯ ವರ್ಷ ಪಕ್ಕದ ಬೀದಿಯ ಫೋರ್ಜಿಂಗ್ ಶೆಡ್ಡಿನಿಂದ ಕೊಳವೆ ಜೋಡಿಸುವ ಫ್ಲ್ಯಾಂಜ್‌ಗಳ ಒಂದು ಲಾಟ್ ಬಂತು. ಎ350 ಎಲ್ಎಫ್2 ದರ್ಜೆಯ ಉಕ್ಕು, ಅನಿಲ ಕೊಳವೆಯ ಕೆಲಸಕ್ಕೆ. ಒತ್ತಡದಲ್ಲಿರುವ ಅನಿಲವನ್ನು ಒಮ್ಮೆಲೇ ಬಿಟ್ಟರೆ ಅದು ಹಿಗ್ಗುತ್ತ ತಣ್ಣಗಾಗಿ ಕೊಳವೆಯನ್ನೂ ತಣ್ಣಗಾಗಿಸುತ್ತದೆ. ಅದಕ್ಕೇ ಹಾಸನದಂತಹ ಊರಿನಲ್ಲಿ ತಯಾರಾದ ಫ್ಲ್ಯಾಂಜನ್ನೂ ಮೈನಸ್ 46ರಲ್ಲಿ ಒಡೆದು ನೋಡಬೇಕಾಗುತ್ತದೆ. ಮೂರು ತುಂಡುಗಳ ಸರಾಸರಿ 20 ಜೂಲ್ ಇರಬೇಕು, ಒಂದೇ ಒಂದು ತುಂಡೂ 16ಕ್ಕಿಂತ ಕೆಳಗಿಳಿಯಬಾರದು. ನಮಗೆ ಬಂದದ್ದು 23, 21, 22. ಸರಾಸರಿ 22, ಪಾಸ್. ಆದರೆ ಮೂರೂ ತುಂಡುಗಳು 'ಟಣ್' ಎಂದಿದ್ದವು. ಕಚ್ಚಿನ ಕೆಳಗೆ ಉಳಿಯುವ ಮುಖ 8 ಮಿಲಿಮೀಟರ್‌ಗೆ 10, ಅಂದರೆ 80 ಚದರ ಮಿಲಿಮೀಟರ್. ಅದರಲ್ಲಿ ಮಿನುಗುವ ಭಾಗವೇ 7ಕ್ಕೆ 9, ಅಂದರೆ 63. ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ಸೀಳಿತ್ತು. ನಮ್ಮ ಹುಡುಗ "ಅಣ್ಣ, ಇದು ಪಾಸಾದ ಮುಖದ ತರಹ ಕಾಣುವುದಿಲ್ಲವಲ್ಲ" ಎಂದ. ಅಂಕಿ ಅಂಕಿಯೇ ಎಂದು ಬಾಯಿ ಮುಚ್ಚಿಸಿದೆ.

ವರದಿಗೆ ಸಹಿ ಹಾಕಲು ಬಂದ ತಪಾಸಣಾಧಿಕಾರಿ ಆ ಮುಖಗಳನ್ನು ನೋಡಿ, "ಸರ್, ಕಚ್ಚಿನ ಅಳತೆ ತೋರಿಸುತ್ತೀರಾ?" ಎಂದರು. ತೋರಿಸಲು ಏನೂ ಇರಲಿಲ್ಲ. ಉಳಿದಿದ್ದ ಒಂದು ತುಂಡನ್ನು ಬೇರೆ ಕಡೆ ಪ್ರೊಜೆಕ್ಟರ್ ಕೆಳಗೆ ಇಟ್ಟಾಗ ತಳದ ತ್ರಿಜ್ಯ 0.37 ಇತ್ತು. ಬ್ರೋಚಿನ ಹಲ್ಲಿನ ಮೊನೆ ಸವೆದು ಮೊಂಡಾಗಿತ್ತು. ಹೊಸ ಬ್ರೋಚಿನಲ್ಲಿ ಕಚ್ಚು ಹಾಕಿ, ಅದೇ ಫೋರ್ಜಿಂಗಿನಿಂದ ಮತ್ತೆ ಮೂರು ತುಂಡು ಒಡೆದೆವು: 18, 15, 17. ಸರಾಸರಿ 16.7. ಒಂದು ತುಂಡು 16ರ ಗೆರೆಯನ್ನೂ ಮುಟ್ಟಲಿಲ್ಲ. ಉಕ್ಕು ಅದೇ, ತಾಪಮಾನ ಅದೇ, ಹ್ಯಾಮರ್ ಅದೇ.

ಇದೇಕೆ ಹೀಗಾಗುತ್ತದೆ ಎಂದು ಆಗಲೇ ಸರಿಯಾಗಿ ಕುಳಿತು ಯೋಚಿಸಿದ್ದು. ಇಂತಹ ಉಕ್ಕು ತಣ್ಣಗಾದಂತೆ ಅದನ್ನು ಬಾಗಿಸಲು ಬೇಕಾದ ಬಲ ಜೋರಾಗಿ ಏರುತ್ತದೆ, ಆದರೆ ಹರಳುಗಳನ್ನು ಸೀಳಲು ಬೇಕಾದ ಬಲ ಹೆಚ್ಚು ಬದಲಾಗುವುದಿಲ್ಲ. ಒಂದು ಹಂತದಲ್ಲಿ ಬಾಗುವುದಕ್ಕಿಂತ ಸೀಳುವುದೇ ಸುಲಭವಾಗುತ್ತದೆ. ಚೂಪಾದ ಕಚ್ಚಿನ ತಳದಲ್ಲಿ ಬಲ ಒಂದೆಡೆ ಒತ್ತಿಕೊಂಡು ಕೂರುತ್ತದೆ, ಸುತ್ತಲಿನ ಲೋಹ ಅಲ್ಲಿನ ಲೋಹವನ್ನು ಪಕ್ಕಕ್ಕೆ ಕುಗ್ಗಲು ಬಿಡುವುದಿಲ್ಲ, ಆದ್ದರಿಂದ ಆ ಹಂತ ಬೇಗ ಬರುತ್ತದೆ. ಕಚ್ಚು ಮೊಂಡಾದರೆ ಉಕ್ಕಿಗೆ ಬಾಗಲು ಬಿಡುವು ಸಿಗುತ್ತದೆ. 100 ಜೂಲ್ ಕೊಡುವ ಉಕ್ಕಿನಲ್ಲಿ ನಾಲ್ಕೈದು ಜೂಲ್ ಹೆಚ್ಚಾದರೆ ಯಾರೂ ಗಮನಿಸುವುದಿಲ್ಲ. 17ರ ಉಕ್ಕಿನಲ್ಲಿ ಅದೇ ನಾಲ್ಕೈದು ಜೂಲ್ ಫೇಲನ್ನು ಪಾಸು ಮಾಡುತ್ತದೆ.

ನನಗೆ ಸಿಟ್ಟು ಬಂದದ್ದು ಬ್ರೋಚಿನ ಮೇಲಷ್ಟೇ ಅಲ್ಲ. ಈ ಯಂತ್ರ ಹದ ತಪ್ಪಿದಾಗ ಹೆಚ್ಚಾಗಿ ಮುಖಸ್ತುತಿಯ ಕಡೆಗೇ ವಾಲುತ್ತದೆ. ಬೇರಿಂಗ್ ಒಣಗಿ ಘರ್ಷಣೆ ಹೆಚ್ಚಿದರೆ ಅಲ್ಲಿ ಕಳೆದ ಶಕ್ತಿಯೂ ಉಕ್ಕಿನ ಲೆಕ್ಕಕ್ಕೆ ಜಮೆಯಾಗುತ್ತದೆ. ಬುಡದ ಬೋಲ್ಟು ಸಡಿಲವಾದರೆ ನೆಲ ಕುಡಿದ ಶಕ್ತಿಯೂ ಹಾಗೆಯೇ. ಏಳು ಸೆಕೆಂಡು ತಡಮಾಡಿದರೆ ತುಂಡು ಬೆಚ್ಚಗಾಗಿ ಅಂಕಿ ಏರುತ್ತದೆ. ಕಚ್ಚಿನ ಆಳ ಕಡಿಮೆಯಾದರೂ ಏರುತ್ತದೆ. ಕಚ್ಚು ಜಾಸ್ತಿ ಆಳವಾದರೆ ಇಳಿಯುತ್ತದೆ, ಆದರೆ ಸವೆದ ಬ್ರೋಚಿನಿಂದ ಅದು ಆಗುವ ಮಾತಲ್ಲ. ಸೋಮಾರಿಗೆ ಒಳ್ಳೆಯ ಫಲಿತಾಂಶ ಕೊಡುವ ಯಂತ್ರವನ್ನು ಯಾವ ಗ್ರಾಹಕನೂ ದೂರುವುದಿಲ್ಲ, ಅದಕ್ಕೇ ಮೂರು ವರ್ಷ ನನಗೆ ಒಂದೇ ಒಂದು ದೂರು ಬಂದಿರಲಿಲ್ಲ.

ಆ 20 ಜೂಲ್ ಅಂಕಿಯ ಹಿಂದೆ ಹಡಗುಗಳ ಕತೆಯಿದೆ. 1943ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ, ಹೊಸದಾಗಿ ಕಟ್ಟಿ ದಡಕ್ಕೆ ಕಟ್ಟಿಹಾಕಿದ್ದ 'ಸ್ಕೆನೆಕ್ಟಡಿ' ಎಂಬ ತೈಲ ಹಡಗು, ಬಿರುಗಾಳಿಯಿಲ್ಲದೆ, ಅಲೆಯಿಲ್ಲದೆ ಹೆಚ್ಚುಕಡಿಮೆ ಎರಡಾಗಿ ಸೀಳಿಹೋಯಿತು. ಹೀಗೆ ಸೀಳಿದ ಹಡಗುಗಳ ತಗಡುಗಳನ್ನು ಆಮೇಲೆ ಒಡೆದು ನೋಡಿದವರಿಗೆ 15 ಫುಟ್-ಪೌಂಡ್ ಎಂಬ ಗೆರೆ ಸಿಕ್ಕಿತು. ನಮ್ಮ ಲೆಕ್ಕದಲ್ಲಿ ಅದು 20 ಜೂಲ್. ಅದು ಆ ಕಾಲದ ಹಡಗಿನ ತಗಡಿಗೆ ಸಿಕ್ಕ ಗೆರೆ, ಎಲ್ಲ ಉಕ್ಕಿಗೂ ಒಪ್ಪುವ ಮಂತ್ರವಲ್ಲ. ಉದ್ದದ ಅನಿಲ ಕೊಳವೆಯಲ್ಲಿ ಓಡುವ ಬಿರುಕನ್ನು 10 ಮಿಲಿಮೀಟರ್ ಸರಳು ಪೂರ್ತಿ ಹೇಳಲಾರದು. ಅದಕ್ಕೆ ಕೊಳವೆಯ ಪೂರ್ತಿ ದಪ್ಪದ ದೊಡ್ಡ ತುಂಡನ್ನು ಭಾರ ಬೀಳಿಸಿ ಹರಿದು, ಮುಖದಲ್ಲಿ ಎಷ್ಟು ಪಾಲು ಹರಿದಿದೆ ಎಂದು ನೋಡುವ ಬೇರೆ ಪರೀಕ್ಷೆಯೇ ಇದೆ. ನಮ್ಮ ಶೆಡ್ಡಿಗೆ ಆ ಯಂತ್ರ ಬಂದರೆ ಗೋಡೆ ಒಡೆಯಬೇಕಾದೀತು.

ಫೋರ್ಜಿಂಗ್ ಶೆಡ್ಡಿನ ಯಜಮಾನರಿಗೆ ವಿಷಯ ಹೇಳಲು ನಾನೇ ನಡೆದುಹೋದೆ. ಅವರು ಬೈಯಲಿಲ್ಲ. "ಬನ್ನಿ ಒಳಗೆ" ಎಂದು ಕುಲುಮೆಯ ಬಳಿ ಕರೆದೊಯ್ದರು. ಸುಮಾರು 900 ಡಿಗ್ರಿಗೆ ಕಾಯಿಸಿದ ಫ್ಲ್ಯಾಂಜ್‌ಗಳನ್ನು ಹೊರತೆಗೆದು ನೆಲದ ಮೇಲೆ ರಾಶಿ ಹಾಕಿದ್ದರು. ಜಾಗ ಉಳಿಸಲು. ರಾಶಿಯ ನಡುವಿನವು ಕಂಬಳಿ ಹೊದ್ದಂತೆ ನಿಧಾನವಾಗಿ ತಣ್ಣಗಾಗಿದ್ದವು, ಹರಳುಗಳು ದಪ್ಪವಾಗಿದ್ದವು, ದಪ್ಪ ಹರಳಿನ ಉಕ್ಕು ಬೇಗ ಪೆಡಸಾಗುತ್ತದೆ. ಅವನ್ನೇ ಮತ್ತೆ ಕಾಯಿಸಿ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ ಗಾಳಿಯಲ್ಲಿ ಆರಿಸಿದರು. ಹೊಸ ಬ್ರೋಚಿನ ಕಚ್ಚಿನಲ್ಲಿ ಬಂದದ್ದು 58, 64, 51. ಶಬ್ದ ಬದಲಾಗಿತ್ತು. ನಮ್ಮ ಹುಡುಗ ನನ್ನ ಮುಖ ನೋಡಿದ, ಮಾತಾಡಲಿಲ್ಲ.

ಅಲ್ಲಿಂದ ಯಂತ್ರದ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು. ಲೋಲಕ ತನ್ನ ಕೆಲಸ ಮಾಡಿತ್ತು. ಪ್ರೊಜೆಕ್ಟರ್ ಬೇಡ ಎಂದವನು ನಾನು. ಆದರೂ ಬ್ರೋಚ್ ಮಾರುವವರು ಅದನ್ನು ಅಳೆಯುವ ಉಪಕರಣವನ್ನು 'ಬೇಕಿದ್ದರೆ' ಎಂಬ ಪಟ್ಟಿಯಲ್ಲಿ ಇಡುವುದು ತಪ್ಪು ಎಂದೇ ಈಗಲೂ ಹೇಳುತ್ತೇನೆ. ಅದಕ್ಕಾಗಿ ಒಂದು ನಕ್ಷತ್ರ ಕಡಿತ. ಸೇವೆಗೆ ಬರುವವರು ತಡಮಾಡುತ್ತಾರೆ ಎಂಬುದಕ್ಕೆ ಇನ್ನರ್ಧ.

ಕೊಳ್ಳುವವರಿಗೆ: ದರಪಟ್ಟಿ ಕೇಳುವಾಗಲೇ ಪ್ರೊಜೆಕ್ಟರನ್ನೂ ಸೇರಿಸಿ ಕೇಳಿ, ಆಗ ಬೆಲೆ ಇಳಿಸುತ್ತಾರೆ. ಆಮೇಲೆ ಕೇಳಿದ ನನಗೆ ಇಳಿಸಲಿಲ್ಲ. ಈಗ ಪ್ರತಿ ಲಾಟಿನ ಮೊದಲ ಮತ್ತು ಕೊನೆಯ ತುಂಡಿನ ಕಚ್ಚನ್ನು ಪರದೆಯ ಮೇಲೆ ನೋಡಿಯೇ ತೊಟ್ಟಿಗೆ ಹಾಕುತ್ತೇವೆ. ಹಳೆಯ ಬ್ರೋಚನ್ನು ಎಸೆದಿಲ್ಲ. ಅದು ಕಾಫಿ ಡಬ್ಬಿಯ ಪಕ್ಕದಲ್ಲಿ, '0.37' ಎಂದು ಬರೆದ ಚೀಟಿ ಅಂಟಿಸಿಕೊಂಡು ಕೂತಿದೆ. ಚೀಟಿ ಬರೆದದ್ದು ನಮ್ಮ ಹುಡುಗ.