ಕೆರೆಯ ಗೋಡುಮಣ್ಣಿನಲ್ಲಿ ಮಡ್ ಬ್ಲಾಕ್ ಮಾಡಿಸಬೇಡಿ: ನಮ್ಮ ಗೋಡೆ ಕರಗಿದ ಕಥೆ

ಹೋದ ವರ್ಷ ಊರಲ್ಲಿ ಅಪ್ಪ ಅಮ್ಮನಿಗೆ ಅಂತ ಎರಡು ಕೋಣೆಯ ಮನೆ ಶುರು ಮಾಡಿದೆವು. ಸುಟ್ಟ ಇಟ್ಟಿಗೆ ಬೇಡ, ಮಣ್ಣಿಗೆ ಸಿಮೆಂಟ್ ಬೆರೆಸಿ ಮಷಿನ್‌ನಲ್ಲಿ ಒತ್ತಿದ ಮಡ್ ಬ್ಲಾಕ್‌ನಲ್ಲೇ ಕಟ್ಟೋಣ ಅಂದುಕೊಂಡೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರದವರು ಎಷ್ಟೋ ವರ್ಷ ಇದರ ಮೇಲೆ ಕೆಲಸ ಮಾಡಿದ್ದಾರೆ. ಅಂಥ ಮನೆಗಳನ್ನು ನಾನೇ ಕಣ್ಣಾರೆ ನೋಡಿದ್ದೆ. ಆ ವಿಧಾನದ ಮೇಲೆ ನನಗೆ ಈಗಲೂ ನಂಬಿಕೆ ಇದೆ. ತಪ್ಪಾಗಿದ್ದು ನಾವು ತಂದ ಮಣ್ಣಿನಲ್ಲಿ, ಹಾಕಿದ ಸಿಮೆಂಟಿನಲ್ಲಿ.

ಆಗ ನಮ್ಮೂರ ಕೆರೆಯ ಹೂಳು ತೆಗೆಯುತ್ತಿದ್ದರು. ಗೋಡು ಪುಕ್ಕಟೆ, ಟ್ರ್ಯಾಕ್ಟರ್ ಬಾಡಿಗೆ ಮಾತ್ರ. ಬ್ಲಾಕ್ ಮಷಿನ್ ತಂದವರು ಒಂದು ಹಿಡಿ ಮಣ್ಣು ತೆಗೆದುಕೊಂಡು ಉಂಡೆ ಕಟ್ಟಿ, “ಒಳ್ಳೇ ಅಂಟು ಇದೆ, ಇದಕ್ಕೆ ಸಿಮೆಂಟ್ ಜಾಸ್ತಿ ಬೇಡ ಅಣ್ಣಾ” ಅಂದರು. ಒಂದು ಬ್ಲಾಕ್‌ಗೆ ಇಷ್ಟು ಅಂತ ರೇಟು, ಸಿಮೆಂಟೂ ಅದರಲ್ಲೇ ಸೇರಿತ್ತು. ನಾನು ಒಪ್ಪಿಬಿಟ್ಟೆ.

ಹತ್ತು ದಿನಕ್ಕೆ 2,400 ಬ್ಲಾಕ್ ಆಯಿತು. ಬಿಸಿಲಿಗೆ ಒಣಗಿದ ಮೇಲೆ ಒಂದಕ್ಕೊಂದು ತಟ್ಟಿದರೆ ಟಣ್ ಅನ್ನುತ್ತಿತ್ತು. ಮೊಳೆಯಲ್ಲಿ ಗೀಚಿದರೂ ಸುಲಭಕ್ಕೆ ಗೆರೆ ಬೀಳುತ್ತಿರಲಿಲ್ಲ. ನಾವು ಮೋಸ ಹೋಗಿದ್ದು ಇಲ್ಲೇ. ಜೇಡಿ ಜಾಸ್ತಿ ಇರುವ ಮಣ್ಣು ಸಿಮೆಂಟ್ ಇಲ್ಲದಿದ್ದರೂ ಒಣಗಿದಾಗ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ನೀರು ಬಿದ್ದಾಗಲೇ ಅದರ ಬಣ್ಣ ಬಯಲಾಗುವುದು.

ಗೋಡೆ ಲಿಂಟಲ್ ಮಟ್ಟಕ್ಕೆ ಬಂದಿತ್ತು, ಇನ್ನೂ ಸೂರು ಇರಲಿಲ್ಲ. ಎರಡು ರಾತ್ರಿ ಜೋರು ಮಳೆ ಹೊಡೆಯಿತು. ಬೆಳಿಗ್ಗೆ ಹೋಗಿ ನೋಡಿದರೆ ಇರಚಲು ಬಡಿದ ಕಡೆ ಕೆಳಗಿನ ಮೂರು ವರಸೆಯ ಮೂಲೆಗಳೆಲ್ಲ ದುಂಡಗಾಗಿದ್ದವು. ಹೆಬ್ಬೆರಳು ಒತ್ತಿದರೆ ಬೆಣ್ಣೆಯೊಳಗೆ ಹೋದಂತೆ ಹೋಯಿತು. ಬಿಸಿಲು ಬಂದ ಮೇಲೆ ಮಿಕ್ಕ ಬ್ಲಾಕ್‌ಗಳ ಮೇಲೂ ಸಣ್ಣ ಸಣ್ಣ ಬಿರುಕು ಬಿಟ್ಟವು. ಅಪ್ಪ ಏನೂ ಮಾತಾಡದೆ ಆ ಗೋಡೆಯ ಮುಂದೆ ನಿಂತಿದ್ದರು. ಅದನ್ನು ನೋಡುವುದು ನನಗೆ ತುಂಬಾ ಕಷ್ಟವಾಯಿತು.

ಆಮೇಲೆ ಪರಿಚಯದ ಇಂಜಿನಿಯರ್ ಒಬ್ಬರು ಬಂದು ನೋಡಿದರು. ಮೊದಲು ಕೇಳಿದ್ದೇ, “ಒಂದು ಮೂಟೆ ಸಿಮೆಂಟಿಗೆ ಎಷ್ಟು ಬ್ಲಾಕ್ ಬಂತು?” ಲೆಕ್ಕ ಹಾಕಿದರೆ 160. ನಮ್ಮ ಬ್ಲಾಕ್ ಒಣಗಿದಾಗ ಸುಮಾರು 8 ಕೆಜಿ. ಅಂದರೆ 50 ಕೆಜಿ ಮೂಟೆಯಲ್ಲಿ ಬ್ಲಾಕ್‌ಗೆ ಬಿದ್ದಿದ್ದು 300 ಗ್ರಾಂ ಚಿಲ್ಲರೆ, ನೂರಕ್ಕೆ 4 ಪಾಲೂ ಇಲ್ಲ. ಮಳೆಗೆ ಮೈಯೊಡ್ಡುವ ಗೋಡೆಗೆ 7 ಪಾಲಾದರೂ ಬೇಕು. ಆ ಲೆಕ್ಕದಲ್ಲಿ ಮೂಟೆಗೆ 90 ಬ್ಲಾಕ್ ಬರಬೇಕಿತ್ತು. 27 ಮೂಟೆ ಬೀಳಬೇಕಾದ ಕಡೆ 15 ಮೂಟೆ ಬಿದ್ದಿತ್ತು. ರೇಟಿನಲ್ಲೇ ಸಿಮೆಂಟ್ ಸೇರಿದ್ದರೆ ಹೀಗೇ ಆಗುವುದು. ಸಿಮೆಂಟ್ ನೀವೇ ತಂದು, ಸಂಜೆಗೆ ಖಾಲಿ ಚೀಲ ಎಣಿಸಿ.

ಹಾಗಂತ ಸಿಮೆಂಟ್ ಪೂರ್ತಿ ಹಾಕಿದ್ದರೂ ನಮ್ಮ ಗೋಡು ಸರಿಹೋಗುತ್ತಿರಲಿಲ್ಲ. ಅದರಲ್ಲಿ ಮರಳು ಇರಲೇ ಇಲ್ಲ. ಸಿಮೆಂಟ್ ಹಿಡಿದುಕೊಳ್ಳುವುದು ಮರಳಿನ ಕಣಗಳನ್ನು. ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ, ಆ ಎಳೆದಾಟಕ್ಕೆ ಸಿಮೆಂಟಿನ ಹಿಡಿತ ಬಿಟ್ಟುಹೋಗುತ್ತದೆ. ಎರೆಮಣ್ಣಿನ ಪಾಡೂ ಇದೇ.

ಇಂಜಿನಿಯರ್ ತೋರಿಸಿದ ಮಣ್ಣಿನ ಪರೀಕ್ಷೆಗೆ ಒಂದು ಗಾಜಿನ ಬಾಟಲಿ ಸಾಕು. ಮೂರನೇ ಒಂದು ಭಾಗ ಮಣ್ಣು, ಮಿಕ್ಕಿದ್ದು ನೀರು, ಒಂದು ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ ಒಂದು ದಿನ ಅಲುಗಾಡಿಸದೆ ಇಡಬೇಕು. ಮರಳು ಒಂದೆರಡು ನಿಮಿಷದಲ್ಲೇ ತಳ ಸೇರುತ್ತದೆ, ಅದರ ಮೇಲೆ ಹೂಳು, ಕೊನೆಗೆ ನುಣ್ಣನೆ ಜೇಡಿ. ಇದು ಅಂದಾಜಿನ ಲೆಕ್ಕ ಅಷ್ಟೇ, ಆದರೆ ಕೆಟ್ಟ ಮಣ್ಣು ಗೊತ್ತಾಗಿಬಿಡುತ್ತದೆ. ನಮ್ಮ ಗೋಡಿನಲ್ಲಿ ತಳದಲ್ಲಿ ಬೆರಳಗಲ ಮರಳೂ ಕೂರಲಿಲ್ಲ. ಹಿತ್ತಲಿನ ಕೆಮ್ಮಣ್ಣು, ಅದೂ ಬೇರು ಕಸ ಇರುವ ಮೇಲಿನ ಒಂದಡಿ ತೆಗೆದು ನೋಡಿದಾಗ, ಜೇಡಿ ಸುಮಾರು 30 ಪಾಲು ಕಂಡಿತು. ಬೇಕಿರುವುದು 10ರಿಂದ 15. ಅದಕ್ಕೆ ಸಮಸಮ ಕ್ರಷರ್ ಪುಡಿ ಬೆರೆಸಿ ಅರ್ಧಕ್ಕೆ ಇಳಿಸಿ, ಹೊಸದಾಗಿ ಬ್ಲಾಕ್ ಮಾಡಿಸಿದೆವು.

ಇನ್ನೊಂದು ತಪ್ಪನ್ನೂ ತಿದ್ದಿಕೊಂಡೆವು. ಮೊದಲ ಸಲ ಬೆಳಿಗ್ಗೆಯೇ ದೊಡ್ಡ ರಾಶಿಗೆ ನೀರು ಹಾಕಿ ಊಟದ ತನಕ ಅದನ್ನೇ ಒತ್ತುತ್ತಿದ್ದರು. ಅಷ್ಟರಲ್ಲಿ ಸಿಮೆಂಟ್ ರಾಶಿಯಲ್ಲೇ ಬಿಗಿಯಲು ಶುರುವಾಗಿರುತ್ತದೆ. ಈ ಸಲ ಅರ್ಧ ಗಂಟೆಯಲ್ಲಿ ಮುಗಿಯುವಷ್ಟೇ ಕಲಸಿದೆವು. ಬ್ಲಾಕ್ ನೆರಳಲ್ಲಿ ಪೇರಿಸಿ, ಗೋಣಿಚೀಲ ಹೊದಿಸಿ, 28 ದಿನ ಅಮ್ಮನೇ ನಿಂತು ನೀರು ಹಾಕಿಸಿದರು. ಮೊದಲ ಸಲ ಮೂರು ದಿನಕ್ಕೇ ನಿಲ್ಲಿಸಿದ್ದೆವು.

ಕಟ್ಟುವ ಮೊದಲು ಹಳೇದೊಂದು, ಹೊಸದೊಂದು ಬ್ಲಾಕ್ ತೆಗೆದು ಎರಡನ್ನೂ ಬೇರೆ ಬೇರೆ ಬಕೆಟ್ಟಿನಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟೆ. ಬೆಳಿಗ್ಗೆ ಹಳೇ ಬ್ಲಾಕ್ ಎತ್ತಲು ಹೋದರೆ ಕೈಗೆ ಕೆಸರು ಬಂತು. ಹೊಸದರ ಅಂಚು ಹಾಗೇ ಇತ್ತು, ಬಕೆಟ್ಟಿನ ನೀರೂ ತಿಳಿಯಾಗಿತ್ತು.