ಫೋನಿನಲ್ಲಿ ಡಿಫಾಲ್ಟ್ ಕಾರ್ಡ್ ಬದಲಾಯಿಸಿದರೆ ವಾಚಿನಲ್ಲಿ ಬದಲಾಗಲ್ಲ, ಹುಷಾರು

ವಾಲೆಟ್‌ನಲ್ಲಿ ಎರಡು ಮೂರು ಕಾರ್ಡ್ ಸೇರಿಸಿಕೊಂಡು ಫೋನಿನಿಂದಲೂ ವಾಚಿನಿಂದಲೂ ಟ್ಯಾಪ್ ಮಾಡಿ ದುಡ್ಡು ಕೊಡುವವರು ಇದನ್ನು ಸ್ವಲ್ಪ ಪುರುಸೊತ್ತು ಮಾಡಿಕೊಂಡು ಓದಿ. ಡಿಫಾಲ್ಟ್ ಕಾರ್ಡ್, ಅಂದರೆ ನಾವು ಬೇರೆ ಆರಿಸದಿದ್ದರೆ ತಾನಾಗಿ ಹಣ ಹೋಗುವ ಕಾರ್ಡ್, ಅನ್ನೋದು ಒಂದೇ ಒಂದು ಸೆಟ್ಟಿಂಗ್ ಅಂತ ಹೆಚ್ಚಿನವರು ಅಂದುಕೊಂಡಿರುತ್ತಾರೆ. ಹಾಗಿಲ್ಲ. ಫೋನಿಗೆ ಬೇರೆ, ವಾಚಿಗೆ ಬೇರೆ, ಕೆಲವು ಫೋನುಗಳಲ್ಲಿ ರೈಲು ಬಸ್ಸಿನ ಗೇಟಿಗೆ ಮತ್ತೆ ಬೇರೆ. ಒಂದನ್ನು ಬದಲಾಯಿಸಿದರೆ ಉಳಿದವು ಇದ್ದ ಹಾಗೇ ಇರುತ್ತವೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಇದರಿಂದ ನನ್ನ ಸಾಲದ ಕಂತು ಬೌನ್ಸ್ ಆಯಿತು, ಬ್ಯಾಂಕಿನವರು ಒಂದು ದಂಡ ಹಾಕಿದರು, ಸಾಲ ಕೊಟ್ಟವರು ಇನ್ನೊಂದು ಹಾಕಿದರು.

ಆದದ್ದು ಹೀಗೆ. ನನ್ನ ಹತ್ತಿರ ಒಂದೇ ಬ್ಯಾಂಕಿನ ಎರಡು ಕಾರ್ಡ್ ಇವೆ, ಒಂದು ಕ್ರೆಡಿಟ್, ಒಂದು ಡೆಬಿಟ್. ಡೆಬಿಟ್ ಕಾರ್ಡ್ ಇರುವ ಖಾತೆಯಿಂದಲೇ ಪ್ರತಿ ತಿಂಗಳು ಸಾಲದ ಕಂತು ತಾನಾಗಿ ಕಟ್ ಆಗುತ್ತದೆ. ಹಾಗಾಗಿ ಆ ಖಾತೆಯನ್ನು ದಿನದ ಖರ್ಚಿಗೆ ಮುಟ್ಟಬಾರದು ಅಂತ ಫೋನಿನಲ್ಲಿ ಕ್ರೆಡಿಟ್ ಕಾರ್ಡನ್ನೇ ಡಿಫಾಲ್ಟ್ ಮಾಡಿದ್ದೆ. ಆಮೇಲೆ ವಾಚ್ ಬಂತು. ಅದಕ್ಕೂ ಎರಡೂ ಕಾರ್ಡ್ ಸೇರಿಸಿದೆ, ಪಟ್ಟಿಯಲ್ಲಿ ಡೆಬಿಟ್ ಮೇಲಿತ್ತು, ಅದೇ ಮೊದಲು ಸೇರಿತು. ಸಾಮಾನ್ಯವಾಗಿ ಒಂದು ಸಾಧನಕ್ಕೆ ಯಾವ ಕಾರ್ಡ್ ಮೊದಲು ಸೇರುತ್ತದೋ ಅದೇ ಅಲ್ಲಿ ಡಿಫಾಲ್ಟ್ ಆಗಿ ಕೂರುತ್ತದೆ. ಫೋನಿನಲ್ಲಿ ನಾವು ಮಾಡಿಟ್ಟ ಆಯ್ಕೆಯನ್ನು ವಾಚ್ ನೋಡುವುದೇ ಇಲ್ಲ.

ವಾಚಿನ ಚಿಕ್ಕ ಪರದೆಯಲ್ಲಿ ಎರಡೂ ಕಾರ್ಡ್ ಒಂದೇ ಬಣ್ಣ, ಒಂದೇ ಲಾಂಛನ. ಅಂಗಡಿಯಲ್ಲಿ ಹಿಂದೆ ಜನ ನಿಂತಿರುವಾಗ ಕಾರ್ಡಿನ ಮೇಲಿನ ನಾಲ್ಕು ಅಂಕಿ ಯಾರು ಓದುತ್ತಾರೆ? ಟ್ಯಾಪ್ ಆಯಿತು, ಟಿಕ್ ಬಂತು, ಹೊರಟೆ. ಸಣ್ಣ ಸಣ್ಣ ಖರ್ಚು ಎಲ್ಲಾ ಡೆಬಿಟ್ ಖಾತೆಯಿಂದ ಹೋಗುತ್ತಾ ಹೋಯಿತು. ಕ್ರೆಡಿಟ್ ಆಗಿದ್ದರೆ ಬಿಲ್ ಬರುವವರೆಗೆ ಸಮಯ ಇರುತ್ತಿತ್ತು. ಡೆಬಿಟ್‌ನಲ್ಲಿ ಆ ಸಮಯ ಸಿಗಲ್ಲ, ಖಾತೆಯಲ್ಲಿರುವ ಹಣ ಕೂಡಲೇ ಕರಗುತ್ತದೆ. ಕಂತಿನ ದಿನ ಖಾತೆಯಲ್ಲಿ ಬೇಕಾದಷ್ಟು ಹಣ ಇರಲಿಲ್ಲ, ಅಷ್ಟೇ.

ಇದಕ್ಕಿಂತ ಜಾಸ್ತಿ ತಲೆ ಕೆಡಿಸಿದ್ದು ಆಮೇಲಿನ ಹುಡುಕಾಟ. ಜೇಬಿನಲ್ಲಿದ್ದ ಹಳೆಯ ರಸೀದಿಗಳನ್ನು ತೆಗೆದು ನೋಡಿದರೆ ಅವುಗಳ ಮೇಲಿದ್ದ ಕೊನೆಯ ನಾಲ್ಕು ಅಂಕಿ ನನ್ನ ಎರಡು ಕಾರ್ಡುಗಳಲ್ಲಿ ಯಾವುದಕ್ಕೂ ಹೊಂದುತ್ತಿಲ್ಲ! ಯಾರೋ ನನ್ನ ಖಾತೆಗೆ ಕೈ ಹಾಕಿದ್ದಾರೆ ಅಂತಲೇ ಅನಿಸಿತು. ಬ್ಯಾಂಕಿಗೆ ಫೋನ್ ಮಾಡಿದಾಗ ಆ ಕಡೆ ಇದ್ದವರು, 'ಕಾರ್ಡ್ ಬ್ಲಾಕ್ ಮಾಡಿಬಿಡೋಣ್ವಾ ಮೇಡಂ?' ಅಂತ ಕೇಳಿದರು. ಒಂದು ನಿಮಿಷ ತಡೆಯಿರಿ ಅಂದೆ, ಸದ್ಯ ಹಾಗೆ ಅಂದದ್ದೇ ಒಳ್ಳೆಯದಾಯಿತು.

ವಿಷಯ ಏನಂದರೆ, ವಾಲೆಟ್‌ಗೆ ಕಾರ್ಡ್ ಸೇರಿಸಿದಾಗ ಪ್ಲಾಸ್ಟಿಕ್ ಕಾರ್ಡಿನ ನಂಬರ್ ಅಂಗಡಿಯ ಮೆಷಿನ್‌ಗೆ ಹೋಗುವುದಿಲ್ಲ. ಅದರ ಬದಲು ಆ ಸಾಧನಕ್ಕೆ ಅಂತಲೇ ಬೇರೆ ನಂಬರ್ ಕೊಡಲಾಗುತ್ತದೆ. ಐಫೋನ್ ಕಡೆ ಅದನ್ನು ಡಿವೈಸ್ ಅಕೌಂಟ್ ನಂಬರ್ ಅನ್ನುತ್ತಾರೆ, ಗೂಗಲ್ ವಾಲೆಟ್‌ನಲ್ಲಿ ವರ್ಚುವಲ್ ಅಕೌಂಟ್ ನಂಬರ್. ರಸೀದಿಯಲ್ಲಿ ಸಾಮಾನ್ಯವಾಗಿ ಬರುವುದು ಇದರ ಕೊನೆಯ ಅಂಕಿಗಳು. ಒಂದೇ ಡೆಬಿಟ್ ಕಾರ್ಡ್ ಆದರೂ ಫೋನಿನಲ್ಲಿ ಒಂದು ನಂಬರ್, ವಾಚಿನಲ್ಲಿ ಮತ್ತೊಂದು. ವಾಲೆಟ್ ಆ್ಯಪ್‌ನಲ್ಲಿ ಕಾರ್ಡನ್ನು ತೆರೆದು ಅದರ ವಿವರ ನೋಡಿದರೆ ಈ ಕೊನೆಯ ಅಂಕಿಗಳು ಸಿಗುತ್ತವೆ. ನಾನು ಮೊದಲು ಫೋನಿನಲ್ಲಿ ನೋಡಿದೆ, ಹೊಂದಲಿಲ್ಲ. ವಾಚಿನ ಕಾರ್ಡ್ ವಿವರ ನೋಡಿದ ಮೇಲೆ ಎಲ್ಲಾ ರಸೀದಿಯೂ ಸರಿಯಾಗಿ ಹೊಂದಿತು. ಕಳ್ಳತನ ಆಗಿರಲಿಲ್ಲ, ವಾಚಿನ ಡಿಫಾಲ್ಟ್ ಬೇರೆ ಇತ್ತು. ಹಾಗಾಗಿ ರಸೀದಿ ಅಂಕಿ ಹೊಂದುತ್ತಿಲ್ಲ ಅಂತ ಕಂಡಕೂಡಲೇ ಕಾರ್ಡ್ ಬ್ಲಾಕ್ ಮಾಡಿಸುವ ಮೊದಲು, ನಿಮ್ಮ ಕೈಯಲ್ಲಿರುವ ಪ್ರತಿ ಸಾಧನದಲ್ಲೂ ಈ ನಂಬರ್ ಒಮ್ಮೆ ನೋಡಿ. ಎಲ್ಲೂ ಹೊಂದದಿದ್ದರೆ, ಆ ಖರ್ಚು ನೀವು ಮಾಡಿದ್ದೇ ಅಲ್ಲದಿದ್ದರೆ, ಆಗ ಒಂದು ಕ್ಷಣವೂ ಕಾಯಬೇಡಿ.

ಈಗ ಸರಿಪಡಿಸುವುದು ಹೇಗೆ ಅಂತ ಹೇಳುತ್ತೇನೆ.

ಐಫೋನ್‌ನಲ್ಲಿ ಎರಡು ದಾರಿ ಇದೆ. `Settings` ಒಳಗೆ `Wallet & Apple Pay` ಗೆ ಹೋಗಿ, ಕೆಳಗೆ `Default Card` ಅಂತ ಇರುತ್ತದೆ, ಅಲ್ಲಿ ಆರಿಸಿ. ಇಲ್ಲದಿದ್ದರೆ ವಾಲೆಟ್ ಆ್ಯಪ್ ತೆರೆದು ಬೇಕಾದ ಕಾರ್ಡನ್ನು ಒತ್ತಿ ಹಿಡಿದು ಎಳೆದು ಎಲ್ಲಕ್ಕಿಂತ ಮುಂದೆ ತಂದು ಬಿಡಿ, ಮುಂದೆ ಇರುವುದೇ ಡಿಫಾಲ್ಟ್. ಈ ಎರಡನೇ ದಾರಿಯಲ್ಲಿ ಒಂದು ತೊಂದರೆ ಇದೆ, ಸುಮ್ನೆ ಕಾರ್ಡುಗಳನ್ನು ಜೋಡಿಸಿ ಇಡೋಣ ಅಂತ ಎಳೆದಾಡಿದರೂ ಡಿಫಾಲ್ಟ್ ಬದಲಾಗಿಬಿಡುತ್ತದೆ. ಆ್ಯಪಲ್ ವಾಚ್‌ಗೆ ಇದ್ಯಾವುದೂ ಲೆಕ್ಕಕ್ಕಿಲ್ಲ. ಫೋನಿನಲ್ಲಿರುವ `Watch` ಆ್ಯಪ್ ತೆರೆದು, `My Watch` ಒಳಗೆ ಮತ್ತೊಂದು `Wallet & Apple Pay` ಇರುತ್ತದೆ, ಅದರೊಳಗಿನ `Default Card` ಅನ್ನೇ ಬದಲಾಯಿಸಬೇಕು. ಎರಡು ಪುಟಗಳೂ ನೋಡಲು ಹೆಚ್ಚುಕಡಿಮೆ ಒಂದೇ ಥರ ಇರುವುದರಿಂದ ಒಂದನ್ನು ಮಾಡಿ ಎರಡೂ ಆಯಿತು ಅಂದುಕೊಳ್ಳುವುದು ಸುಲಭ.

ಆಂಡ್ರಾಯ್ಡ್‌ನಲ್ಲಿ ಇನ್ನೊಂದು ಮೆಟ್ಟಿಲು ಜಾಸ್ತಿ ಇದೆ, ಇದು ಗೊತ್ತಿಲ್ಲದೆ ಒದ್ದಾಡುವವರು ಬಹಳ. ಅಲ್ಲಿ ಮೊದಲು ಡಿಫಾಲ್ಟ್ ಆ್ಯಪ್, ಆಮೇಲೆ ಆ ಆ್ಯಪ್ ಒಳಗಿನ ಡಿಫಾಲ್ಟ್ ಕಾರ್ಡ್. ಫೋನಿನಲ್ಲಿ ಟ್ಯಾಪ್ ಮಾಡಿ ಪಾವತಿಸುವ ಎರಡು ಆ್ಯಪ್ ಇವೆ ಅಂದುಕೊಳ್ಳಿ, ಒಂದು ಗೂಗಲ್ ವಾಲೆಟ್, ಇನ್ನೊಂದು ಬ್ಯಾಂಕಿನ ಆ್ಯಪ್. ಗೂಗಲ್ ವಾಲೆಟ್‌ನಲ್ಲಿ ನೀವು ಎಷ್ಟೇ ಚೆನ್ನಾಗಿ ಕಾರ್ಡ್ ಆರಿಸಿಟ್ಟರೂ ಫೋನಿನ ಮಟ್ಟದಲ್ಲಿ ಬ್ಯಾಂಕಿನ ಆ್ಯಪ್ ಡಿಫಾಲ್ಟ್ ಆಗಿದ್ದರೆ ದುಡ್ಡು ಹೋಗುವುದು ಅದರಿಂದಲೇ. ಹೊಸ ಆ್ಯಪ್ ಹಾಕಿದಾಗ 'ಇದನ್ನೇ ಡಿಫಾಲ್ಟ್ ಮಾಡಲೇ' ಅಂತ ಕೇಳುತ್ತದೆ, ನಾವು ಬೇಗ ಮುಗಿಯಲಿ ಅಂತ ಒಪ್ಪಿಬಿಡುತ್ತೇವೆ, ಬದಲಾವಣೆ ಅಲ್ಲೇ ಆಗಿರುತ್ತದೆ. ಇದನ್ನು ನೋಡಬೇಕಾದದ್ದು ಸೆಟ್ಟಿಂಗ್ಸ್‌ನ `NFC` ಪುಟದ ಒಳಗಿನ ಕಾಂಟ್ಯಾಕ್ಟ್‌ಲೆಸ್ ಪಾವತಿ ಭಾಗದಲ್ಲಿ. ಆಂಡ್ರಾಯ್ಡ್ 15 ರಿಂದ ಡಿಫಾಲ್ಟ್ ಆ್ಯಪ್‌ಗಳ ಪಟ್ಟಿಯಲ್ಲೇ ವಾಲೆಟ್ ಆ್ಯಪ್ ಯಾವುದು ಅಂತ ಆರಿಸುವ ಜಾಗ ಬಂದಿದೆ. ಒಂದೊಂದು ಕಂಪನಿಯ ಫೋನಿನಲ್ಲಿ ಹೆಸರು, ಜಾಗ ಸ್ವಲ್ಪ ಆಚೀಚೆ ಇರುತ್ತದೆ, ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ `NFC` ಅಂತ ಬರೆದರೆ ಸಿಕ್ಕಿಬಿಡುತ್ತದೆ. ಇದು ಸರಿಯಾದ ಮೇಲೆ ಆ್ಯಪ್ ಒಳಗೆ ಹೋಗಿ ಕಾರ್ಡ್ ಆರಿಸಿ. ವಾಚಿನಲ್ಲಿ ಗೂಗಲ್ ವಾಲೆಟ್ ಬಳಸುವವರಿಗೂ ನನ್ನ ಮಾತು ಅದೇ, ಅಲ್ಲಿ ಕಾರ್ಡುಗಳನ್ನು ಬೇರೆಯಾಗಿಯೇ ಸೇರಿಸಬೇಕು, ಡಿಫಾಲ್ಟ್ ಕೂಡ ವಾಚಿನಲ್ಲೇ ನೋಡಬೇಕು.

ಹೊಸ ಫೋನ್ ತೆಗೆದುಕೊಂಡ ದಿನವೂ ಇದೇ ಅಪಾಯ. ಫೋಟೋ, ಮೆಸೇಜ್ ಎಲ್ಲಾ ಹಳೆಯ ಫೋನಿನಿಂದ ಹಾಗೇ ಬರುತ್ತವೆ, ಕಾರ್ಡುಗಳನ್ನು ಮಾತ್ರ ಮತ್ತೆ ಒಂದೊಂದಾಗಿ ಬ್ಯಾಂಕಿನಿಂದ ಖಚಿತ ಮಾಡಿಸಿ ಸೇರಿಸಬೇಕಾಗುತ್ತದೆ. ಆ ಗಡಿಬಿಡಿಯಲ್ಲಿ ಮೊದಲು ಯಾವುದು ಸೇರಿತು ಅನ್ನುವುದು ಯಾರಿಗೂ ನೆನಪಿರುವುದಿಲ್ಲ. ಡಿಫಾಲ್ಟ್ ಆಗಬೇಕಾದ ಕಾರ್ಡನ್ನೇ ಮೊದಲು ಸೇರಿಸಿ. ಹಳೆಯ ಕಾರ್ಡ್ ತೆಗೆದುಹಾಕಿದಾಗಲೂ ಅದರ ಜಾಗಕ್ಕೆ ಯಾವುದು ಬಂತು ಅಂತ ನೋಡಿ.

ಪ್ರಯಾಣದ ವಿಚಾರ ಇನ್ನೂ ಸೂಕ್ಷ್ಮ. ಐಫೋನ್‌ನಲ್ಲಿ `Express Travel Card` ಅಂತ ಬೇರೆ ಆಯ್ಕೆ ಇದೆ. ಅದನ್ನು ಒಪ್ಪುವ ಗೇಟುಗಳಲ್ಲಿ ಮುಖ, ಬೆರಳು, ಪಾಸ್‌ಕೋಡ್ ಏನೂ ಕೇಳದೆ ಆ ಕಾರ್ಡಿನಿಂದಲೇ ಹಣ ಹೋಗುತ್ತದೆ, ನಿಮ್ಮ ಡಿಫಾಲ್ಟ್ ಬೇರೆ ಇದ್ದರೂ ಅಷ್ಟೇ. ಜೊತೆಗೆ ಮೇಲೆ ಹೇಳಿದ ನಂಬರಿನ ವಿಷಯ ಇಲ್ಲೂ ಕಾಡುತ್ತದೆ. ಹತ್ತುವಾಗ ಫೋನ್, ಇಳಿಯುವಾಗ ವಾಚ್ ತೋರಿಸಿದಿರಿ ಅಂದರೆ ಕಾರ್ಡ್ ಒಂದೇ ಆದರೂ ಗೇಟಿಗೆ ಅದು ಇಬ್ಬರು ಬೇರೆ ಬೇರೆ ಪ್ರಯಾಣಿಕರು. ಎರಡು ಅರ್ಧ ಪ್ರಯಾಣ ಅಂತ ಲೆಕ್ಕ ಹಾಕಿ ಹೆಚ್ಚು ದುಡ್ಡು ಕಟ್ ಆಗಬಹುದು. ಯಾವುದರಿಂದ ಒಳಗೆ ಹೋದಿರೋ ಅದರಿಂದಲೇ ಹೊರಗೆ ಬನ್ನಿ. ಅಂಗಡಿಯಲ್ಲಿ ವಸ್ತು ವಾಪಸ್ ಕೊಡುವಾಗಲೂ ಕಾರ್ಡ್ ತೋರಿಸಿ ಅಂದರೆ, ಕೊಂಡಾಗ ಬಳಸಿದ ಸಾಧನ ಮತ್ತು ಕಾರ್ಡನ್ನೇ ಹಿಡಿಯಿರಿ.

ಡಿಫಾಲ್ಟ್ ಬದಲಾಯಿಸಿದರೆ ತಿಂಗಳ ಚಂದಾಗಳು ಅದರ ಜೊತೆ ಬದಲಾಗುವುದಿಲ್ಲ. ಸೇರಿಕೊಂಡ ದಿನ ಕೊಟ್ಟ ಕಾರ್ಡಿಗೇ ಅವು ಅಂಟಿಕೊಂಡಿರುತ್ತವೆ, ಆಯಾ ಸೇವೆಯ ಒಳಗೇ ಹೋಗಿ ಬದಲಿಸಬೇಕು.

ಹಾಗಾದರೆ ಯಾವ ಕಾರ್ಡ್ ಡಿಫಾಲ್ಟ್ ಆಗಿರಬೇಕು? ಜಾಸ್ತಿ ಬಳಸುವುದನ್ನು ಇಡಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಈಗ ಒಪ್ಪಲ್ಲ. ತಪ್ಪಿ ಟ್ಯಾಪ್ ಆದರೆ ಯಾವುದರಿಂದ ಹಣ ಹೋದರೆ ಕಡಿಮೆ ತೊಂದರೆ ಅಂತ ಯೋಚಿಸಿ, ಅದನ್ನು ಇಡಿ. ಕಂತು, ಬಾಡಿಗೆ, ವಿಮೆ ತಾನಾಗಿ ಕಟ್ ಆಗುವ ಖಾತೆಯ ಕಾರ್ಡ್ ಡಿಫಾಲ್ಟ್ ಆಗಲೇಬಾರದು. ಆಫೀಸು ಕೊಟ್ಟ ಕಾರ್ಡ್ ಕೂಡ ಬೇಡ, ಸ್ವಂತ ಖರ್ಚು ಅದರಲ್ಲಿ ಸೇರಿದರೆ ವಿವರಣೆ ಕೊಡುತ್ತಾ ಕೂರಬೇಕು. ಬೇರೆ ಕಾರ್ಡ್ ಬೇಕಾದಾಗ ಮೆಷಿನ್ ಹತ್ತಿರ ಹಿಡಿಯುವ ಮೊದಲೇ ಆರಿಸಿಕೊಳ್ಳಬಹುದು. ಐಫೋನ್‌ನಲ್ಲಿ ಫೇಸ್ ಐಡಿ ಇದ್ದರೆ ಪಕ್ಕದ ಬಟನ್ ಎರಡು ಸಲ ಒತ್ತಿ ಡಿಫಾಲ್ಟ್ ಕಾರ್ಡ್ ಕಂಡಮೇಲೆ ಅದನ್ನು ಮುಟ್ಟಿದರೆ ಉಳಿದವು ಬರುತ್ತವೆ. ಗೂಗಲ್ ವಾಲೆಟ್‌ನಲ್ಲಾದರೆ ಆ್ಯಪ್ ತೆರೆದು ಬೇಕಾದ ಕಾರ್ಡ್ ಪರದೆಯ ಮೇಲೆ ಇಟ್ಟುಕೊಂಡು ಟ್ಯಾಪ್ ಮಾಡಿ.

ನಾನು ಕೊನೆಗೆ ಮಾಡಿದ್ದು ಇನ್ನೂ ಸರಳ. ವಾಚಿನಿಂದ ಡೆಬಿಟ್ ಕಾರ್ಡನ್ನೇ ತೆಗೆದುಹಾಕಿದೆ. ಒಂದು ಸಾಧನದಿಂದ ತೆಗೆದರೆ ಕಾರ್ಡಿಗೇನೂ ಆಗಲ್ಲ, ಫೋನಿನಲ್ಲೂ ಪ್ಲಾಸ್ಟಿಕ್‌ನಲ್ಲೂ ಅದು ಕೆಲಸ ಮಾಡುತ್ತಲೇ ಇರುತ್ತದೆ. ಒಂದೇ ಕಾರ್ಡ್ ಇರುವ ವಾಚಿನಲ್ಲಿ ತಪ್ಪು ಕಾರ್ಡ್ ಮುಂದೆ ಬರುವ ಪ್ರಶ್ನೆಯೇ ಇಲ್ಲ ಅಲ್ವಾ? ಆಮೇಲೆ ಫೋನಿನಿಂದ ಒಂದು ಸಣ್ಣ ಖರೀದಿ, ವಾಚಿನಿಂದ ಒಂದು ಸಣ್ಣ ಖರೀದಿ ಮಾಡಿ, ಬ್ಯಾಂಕಿನ ಮೆಸೇಜ್ ಯಾವ ಕಾರ್ಡಿನ ಹೆಸರಲ್ಲಿ ಬಂತು ಅಂತ ಎರಡನ್ನೂ ನೋಡಿದೆ. ನೀವೂ ಸೆಟ್ಟಿಂಗ್ ಬದಲಾಯಿಸಿದ ದಿನವೇ ಹೀಗೆ ಪರೀಕ್ಷೆ ಮಾಡಿ, ಪರದೆಯ ಮೇಲೆ ಬರುವ ಟಿಕ್ ನಂಬಬೇಡಿ, ಯಾವ ಖಾತೆಯಿಂದ ಹೋಯಿತು ಅಂತ ಅದು ಹೇಳುವುದಿಲ್ಲ.